ಒಂದು ಗ್ರಾಂ ಎಣ್ಣೆಯಲ್ಲಿ ಎಷ್ಟು ತಲೆ?

ಒಂದು ಗ್ರಾಂ ಕೊಬ್ಬರಿ ಎಣ್ಣೆಯನ್ನು ಪೂರ್ತಿ ಸಾಬೂನಾಗಿಸಲು ಸುಮಾರು 256 ಮಿಲಿಗ್ರಾಂ ಕಾಸ್ಟಿಕ್ ಪೊಟ್ಯಾಶ್ ಬೇಕು. ಅಷ್ಟೇ ತೂಕದ ಕಡಲೆಕಾಯಿ ಎಣ್ಣೆಗೆ 190 ಮಿಲಿಗ್ರಾಂ ಸಾಕು. ಸಾಸಿವೆ ಎಣ್ಣೆಗಾದರೆ 172ರ ಆಸುಪಾಸು. ಎಲ್ಲವೂ ಎಣ್ಣೆಯೇ, ತೂಕವೂ ಒಂದೇ. ಆದರೂ ಒಂದೊಂದು ಒಂದೊಂದು ಪ್ರಮಾಣದ ಕ್ಷಾರವನ್ನು ಕುಡಿಯುತ್ತದೆ. ಈ ಮಿಲಿಗ್ರಾಂ ಲೆಕ್ಕಕ್ಕೆ ಸಾಬೂನೀಕರಣ ಮೌಲ್ಯ ಎಂದು ಹೆಸರು. ಪ್ರಯೋಗಶಾಲೆಯವರ ಬಾಯಲ್ಲಿ ಅದು ಬರೀ ‘ಸ್ಯಾಪ್ ವ್ಯಾಲ್ಯೂ’.

ವ್ಯತ್ಯಾಸದ ಮೂಲ ಎಣ್ಣೆಯ ಅಣುವಿನ ಕಟ್ಟಡದಲ್ಲಿದೆ. ಒಂದು ಗ್ಲಿಸರಿನ್ ತುಂಡಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡರೆ ಎಣ್ಣೆಯ ಒಂದು ಅಣು. ಪ್ರತಿ ಕೊಬ್ಬಿನಾಮ್ಲಕ್ಕೂ ಇಂಗಾಲದ ಉದ್ದನೆಯ ಬಾಲವಿದೆ, ಒಂದು ತುದಿಯಲ್ಲಿ ಆಮ್ಲದ ತಲೆಯಿದೆ. ಗ್ಲಿಸರಿನ್ನಿಗೆ ಅಂಟಿರುವುದು ತಲೆ. ಕ್ಷಾರ ಬಂದು ಆ ಅಂಟನ್ನು ಬಿಡಿಸಿದಾಗ ಒಂದು ತಲೆಗೆ ಒಂದೇ ಒಂದು ಪೊಟ್ಯಾಶ್ ಅಣು ಖರ್ಚಾಗುತ್ತದೆ. ಬಾಲ ಎಷ್ಟು ಉದ್ದವಿದೆ ಎಂಬುದು ಕ್ಷಾರಕ್ಕೆ ಬೇಕಿಲ್ಲ. ಒಂದು ಕಿಲೋ ತೆಂಗಿನ ನಾರಿನ ಹಗ್ಗವನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿದರೆ ತುದಿಗಳು ಹೆಚ್ಚು, ಮಾರುದ್ದದ ತುಂಡುಗಳಾದರೆ ಕಡಿಮೆ. ಎಣ್ಣೆಯ ಲೆಕ್ಕವೂ ಹಾಗೆಯೇ. ಈ ಪರೀಕ್ಷೆ ಉದ್ದವನ್ನು ಅಳೆಯುವುದೇ ಇಲ್ಲ. ಒಂದು ಗ್ರಾಮಿನಲ್ಲಿರುವ ತಲೆಗಳನ್ನು ಎಣಿಸುತ್ತದೆ, ಅಷ್ಟೆ. ಉದ್ದವನ್ನು ನಾವು ಭಾಗಾಕಾರ ಮಾಡಿ ಕಂಡುಕೊಳ್ಳುತ್ತೇವೆ.

ಕೊಬ್ಬು ಎಂದರೆ ಗ್ಲಿಸರಿನ್ ಮತ್ತು ಆಮ್ಲಗಳ ಕೂಡುವಿಕೆ ಎಂಬುದನ್ನು ಫ್ರಾನ್ಸಿನ ಷೆವ್ರೆಲ್ 1823ರಲ್ಲೇ ಪುಸ್ತಕ ಬರೆದು ತೋರಿಸಿದ್ದ. ಆ ತಿಳಿವಳಿಕೆಯನ್ನು ಎಣಿಕೆಯ ಪರೀಕ್ಷೆಯಾಗಿ ತಿರುಗಿಸಲು ಕಲಬೆರಕೆಯೇ ಬರಬೇಕಾಯಿತು. 1869ರಲ್ಲಿ ದನದ ಕೊಬ್ಬಿನಿಂದ ಮಾರ್ಗರಿನ್ ತಯಾರಾದ ಮೇಲೆ ಯುರೋಪಿನ ಬೆಣ್ಣೆ ವ್ಯಾಪಾರದಲ್ಲಿ ಅದು ಸದ್ದಿಲ್ಲದೆ ಬೆರೆಯತೊಡಗಿತು. 1879ರಲ್ಲಿ ಕೋಟ್‌ಸ್ಟಾರ್ಫರ್ ಎಂಬ ರಸಾಯನಶಾಸ್ತ್ರಜ್ಞ ಅದನ್ನು ಹಿಡಿಯುವ ದಾರಿಯನ್ನು ಪ್ರಕಟಿಸಿದ. ಬೆಣ್ಣೆಯಲ್ಲಿ ನಾಲ್ಕೇ ಇಂಗಾಲದ ಬ್ಯುಟಿರಿಕ್ ಆಮ್ಲದಂಥ ಗಿಡ್ಡ ಸರಪಳಿಗಳಿವೆ. ದನದ ಕೊಬ್ಬಿನಲ್ಲಿ ಇರುವುದೆಲ್ಲ ಬಹುಪಾಲು 16 ಮತ್ತು 18 ಇಂಗಾಲದವು. ಹಾಗಾಗಿ ಬೆಣ್ಣೆ ಹೆಚ್ಚು ಕ್ಷಾರ ಕುಡಿಯಬೇಕು, ಕುಡಿಯದಿದ್ದರೆ ಅನುಮಾನ. ಇವತ್ತಿಗೂ ಪರೀಕ್ಷೆಯ ಸ್ವರೂಪ ಹೆಚ್ಚೇನೂ ಬದಲಾಗಿಲ್ಲ.

ಕೊಬ್ಬರಿ ಎಣ್ಣೆಯ ಒಂದು ಮಾದರಿಯನ್ನು ತೆಗೆದುಕೊಂಡು ಲೆಕ್ಕ ಮಾಡೋಣ. ಎಣ್ಣೆಯನ್ನು ಸೋಸಿ, ನೀರಿನ ಪಸೆ ಇಲ್ಲದಂತೆ ಮಾಡಿ, ಫ್ಲಾಸ್ಕಿನಲ್ಲಿ 1.512 ಗ್ರಾಂ ತೂಗಿದ್ದೇವೆ. ಅದಕ್ಕೆ ಆಲ್ಕೊಹಾಲಿನಲ್ಲಿ ಕರಗಿಸಿದ ಸುಮಾರು ಅರ್ಧ ನಾರ್ಮಲ್ ಪೊಟ್ಯಾಶ್ ದ್ರಾವಣವನ್ನು ಪಿಪೆಟ್ಟಿನಿಂದ 25 ಮಿಲಿ ಹಾಕುತ್ತೇವೆ. ಆಲ್ಕೊಹಾಲೇ ಏಕೆಂದರೆ, ನೀರಿನ ಕ್ಷಾರ ಎಣ್ಣೆಯ ಜೊತೆ ಬೆರೆಯದೆ ಗಂಟೆಗಟ್ಟಲೆ ಬೇರೆಯಾಗಿಯೇ ನಿಲ್ಲುತ್ತದೆ. ಆಲ್ಕೊಹಾಲಿನಲ್ಲಾದರೆ ಕ್ಷಾರ ಕರಗುತ್ತದೆ, ಬಿಸಿಯಾದಾಗ ಎಣ್ಣೆಯೂ ಸೇರಿಕೊಳ್ಳುತ್ತದೆ. ಇನ್ನೊಂದು ಫ್ಲಾಸ್ಕಿಗೆ ಎಣ್ಣೆ ಹಾಕದೆ ಅದೇ ದ್ರಾವಣವನ್ನು ಅದೇ ಪಿಪೆಟ್ಟಿನಿಂದ 25 ಮಿಲಿ. ಇದು ಬ್ಲ್ಯಾಂಕ್. ಎರಡಕ್ಕೂ ಕಂಡೆನ್ಸರ್ ನಿಲ್ಲಿಸಿ, ಆವಿ ಮೇಲೆ ಹೋಗಿ ತಣಿದು ಮರಳಿ ಫ್ಲಾಸ್ಕಿಗೇ ಇಳಿಯುವಂತೆ ನೀರಿನ ತೊಟ್ಟಿಯ ಮೇಲೆ ಒಂದು ಗಂಟೆ ಕುದಿಸಬೇಕು.

ಒಂದು ಗಂಟೆ ಎಂಬುದರಲ್ಲಿ ಅವಸರಗಾರರಿಗೊಂದು ಬಲೆ ಇದೆ. ಹದಿನೈದು ಇಪ್ಪತ್ತು ನಿಮಿಷದಲ್ಲೇ ಎಣ್ಣೆಯ ಹನಿಗಳು ಮಾಯವಾಗಿ ದ್ರಾವಣ ತಿಳಿಯಾಗಿಬಿಡಬಹುದು. ಕೆಲಸ ಮುಗಿಯಿತು ಎಂದು ಒಲೆ ಆರಿಸಿದರೆ ಮೋಸ ಹೋದಂತೆ. ಕೊಬ್ಬಿನಾಮ್ಲಗಳು ಗ್ಲಿಸರಿನ್ನನ್ನು ಬಿಟ್ಟು ಮೊದಲು ಆಲ್ಕೊಹಾಲಿಗೇ ಅಂಟಿಕೊಂಡು ಎಥೈಲ್ ಎಸ್ಟರ್ ಆಗುತ್ತವೆ, ಅವು ಆಲ್ಕೊಹಾಲಿನಲ್ಲಿ ಸಲೀಸಾಗಿ ಕರಗುತ್ತವೆ. ಕಣ್ಣಿಗೆ ತಿಳಿ, ಒಳಗೆ ಇನ್ನೂ ಅಂಟು ಬಿಡಿಸಬೇಕಾದ ತಲೆಗಳು. ಆಗ ಬರುವ ಮೌಲ್ಯ ನಿಜಕ್ಕಿಂತ ಕಡಿಮೆ, ಒಳ್ಳೆಯ ಎಣ್ಣೆಯೂ ಕಲಬೆರಕೆಯಂತೆ ಕಾಣುತ್ತದೆ. ಅನುಮಾನವಿದ್ದರೆ ಇನ್ನೊಂದು ಮಾದರಿಯನ್ನು ಇನ್ನರ್ಧ ಗಂಟೆ ಹೆಚ್ಚಿಗೆ ಕುದಿಸಿ ನೋಡಬೇಕು. ಅಂಕಿ ಮೇಲೇರಿದರೆ ಮೊದಲನೆಯದು ಬೆಂದಿರಲಿಲ್ಲ.

ಕುದಿಸಿದ ಮೇಲೆ ಕಂಡೆನ್ಸರಿನ ಒಳಗೋಡೆಯನ್ನು ಸ್ವಲ್ಪ ನೀರಿನಿಂದ ತೊಳೆದು ಫ್ಲಾಸ್ಕಿಗೇ ಇಳಿಸಿ, ಬಿಸಿ ಆರುವ ಮುನ್ನವೇ ಉಳಿದ ಕ್ಷಾರವನ್ನು ಅಳೆಯಬೇಕು. ತಣ್ಣಗಾದರೆ ಸಾಬೂನು ಹೆಪ್ಪುಗಟ್ಟುತ್ತದೆ. ಫೀನಾಲ್ಫ್ತಲೀನ್ ಹಾಕಿದಾಗ ಬರುವ ಗುಲಾಬಿ ಬಣ್ಣ ಹೋಗುವವರೆಗೆ ಬ್ಯುರೆಟ್ಟಿನಿಂದ ಅರ್ಧ ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತೇವೆ. ನಮ್ಮ ಲೆಕ್ಕದಲ್ಲಿ ಬ್ಲ್ಯಾಂಕಿಗೆ 24.90 ಮಿಲಿ ಆಮ್ಲ ಹಿಡಿಯಿತು, ಎಣ್ಣೆಯ ಫ್ಲಾಸ್ಕಿಗೆ 11.10 ಮಿಲಿ ಎನ್ನೋಣ. ವ್ಯತ್ಯಾಸವಾದ 13.80 ಮಿಲಿಯಷ್ಟು ಕ್ಷಾರವನ್ನು ಎಣ್ಣೆ ತಿಂದಿದೆ. ಈ ಆಮ್ಲದ ಒಂದು ಮಿಲಿ 28.05 ಮಿಲಿಗ್ರಾಂ ಪೊಟ್ಯಾಶಿಗೆ ಸಮ. ಗುಣಿಸಿದರೆ 387 ಮಿಲಿಗ್ರಾಂ, ಅದನ್ನು 1.512ರಿಂದ ಭಾಗಿಸಿದರೆ 256.

ಬ್ಲ್ಯಾಂಕ್ ಇಡುವುದು ಶಾಸ್ತ್ರಕ್ಕಲ್ಲ. ಆಲ್ಕೊಹಾಲಿನ ಪೊಟ್ಯಾಶ್ ಬಹಳ ಚಂಚಲ. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಬಲ ಕಳೆದುಕೊಳ್ಳುತ್ತದೆ, ಆಲ್ಕೊಹಾಲಿನಲ್ಲಿ ಆಲ್ಡಿಹೈಡ್ ಇದ್ದರೆ ದಿನ ಕಳೆದಂತೆ ಹಳದಿಯಾಗಿ, ಕಂದಾಗಿ, ಕೊನೆಯ ಗುಲಾಬಿಯನ್ನು ನುಂಗಿಹಾಕುತ್ತದೆ. ಕಂದಾದ ದ್ರಾವಣವನ್ನು ಚೆಲ್ಲುವುದೇ ಲೇಸು. ಉಳಿದ ದೋಷಗಳೆಲ್ಲ ಎರಡೂ ಫ್ಲಾಸ್ಕಿನಲ್ಲಿ ಒಂದೇ ಥರ ಆಗುವುದರಿಂದ ಕಳೆಯುವಾಗ ಹೊರಟುಹೋಗುತ್ತವೆ. ಆದರೆ ಒಂದು ದೋಷವನ್ನು ಬ್ಲ್ಯಾಂಕ್ ಕೂಡ ಸರಿಪಡಿಸದು: ಪಿಪೆಟ್ಟಿನ ಹೊತ್ತಿನ ಬಿಸಿ. ಆಲ್ಕೊಹಾಲು ಹತ್ತು ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ ಶೇಕಡಾ ಒಂದರಷ್ಟು ಹಿಗ್ಗುತ್ತದೆ. ಬ್ಲ್ಯಾಂಕನ್ನು ಬೆಳಗಿನ ತಂಪಿನಲ್ಲಿ, ಮಾದರಿಯನ್ನು ಮಧ್ಯಾಹ್ನದ ಧಗೆಯಲ್ಲಿ ಅಳೆದರೆ 25 ಮಿಲಿಯಲ್ಲಿ ಕಾಲು ಮಿಲಿ ಕ್ಷಾರದ ಹೆಚ್ಚುಕಡಿಮೆ. ನಮ್ಮ ಮಾದರಿಯಲ್ಲಿ ಅದು ಮೌಲ್ಯವನ್ನು ಸುಮಾರು ಐದು ಅಂಕಿ ಮೇಲಕ್ಕೆ ತಳ್ಳುತ್ತದೆ. 256 ಇದ್ದದ್ದು 261. ಈ ಐದು ಅಂಕಿ ಎಷ್ಟು ದುಬಾರಿ ಎಂಬುದು ಮುಂದೆ ಗೊತ್ತಾಗುತ್ತದೆ.

ಈಗ ಉದ್ದಕ್ಕೆ ಬರೋಣ. ಒಂದು ಎಣ್ಣೆಯಣುವಿಗೆ ಮೂರು ಪೊಟ್ಯಾಶ್ ಬೇಕು, ಪೊಟ್ಯಾಶಿನ ಅಣುತೂಕ 56.1. ಹಾಗಾಗಿ 1,68,300ನ್ನು ಸಾಬೂನೀಕರಣ ಮೌಲ್ಯದಿಂದ ಭಾಗಿಸಿದರೆ ಎಣ್ಣೆಯಣುವಿನ ಸರಾಸರಿ ತೂಕ ಸಿಗುತ್ತದೆ. 256ರಿಂದ ಭಾಗಿಸಿದರೆ 657. ಅದರಲ್ಲಿ ಗ್ಲಿಸರಿನ್ ಪಾಲಿಗೆ 38 ಕಳೆದು ಮೂರರಿಂದ ಭಾಗಿಸಿದರೆ ಒಂದು ಕೊಬ್ಬಿನಾಮ್ಲದ ಸರಾಸರಿ ತೂಕ 206. ಆಮ್ಲದ ತಲೆಯಲ್ಲಿರುವ ಎರಡು ಆಮ್ಲಜನಕಕ್ಕೆ 32 ಕಳೆದು, ಒಂದೊಂದು ಇಂಗಾಲ ತನ್ನ ಎರಡು ಜಲಜನಕದೊಂದಿಗೆ 14 ತೂಗುತ್ತದೆ ಎಂದು ಭಾಗಿಸಿದರೆ 12.4 ಇಂಗಾಲ. ಕೊಬ್ಬರಿ ಎಣ್ಣೆಯ ಅರ್ಧದಷ್ಟು 12 ಇಂಗಾಲದ ಲಾರಿಕ್ ಆಮ್ಲವೇ ಆಗಿರುವುದರಿಂದ ಈ ಉತ್ತರ ಸಹಜ. 12.4 ಇಂಗಾಲದ ಸರಪಳಿ ಎಂಬುದು ಜಗತ್ತಿನಲ್ಲೆಲ್ಲೂ ಇಲ್ಲ. 8, 10, 12, 14, 16, 18ರ ಸರಪಳಿಗಳು ಸೇರಿ ಕೊಟ್ಟ ಸರಾಸರಿ ಅದು.

ಕಡಲೆಕಾಯಿ ಎಣ್ಣೆಯ 190ಕ್ಕೆ ಇದೇ ಲೆಕ್ಕ ಹಾಕಿದರೆ 17.9 ಬರುತ್ತದೆ. ಅದರ ಸರಪಳಿಗಳಲ್ಲಿ ಜೋಡಿಬಂಧಗಳಿವೆ, ಒಂದೊಂದು ಜೋಡಿಬಂಧಕ್ಕೂ ಎರಡು ಜಲಜನಕ ಕಡಿಮೆ. ಅಷ್ಟು ತೂಕ ಸೇರಿಸಿಕೊಂಡರೆ ಸರಿಯಾಗಿ 18. ಸಾಸಿವೆ ಎಣ್ಣೆಯ 172ಕ್ಕೆ 20 ದಾಟುತ್ತದೆ, 22 ಇಂಗಾಲದ ಎರೂಸಿಕ್ ಆಮ್ಲ ಅದರಲ್ಲಿ ಹೇರಳವಾಗಿರುವುದೇ ಕಾರಣ. ಆದರೆ ಹರಳೆಣ್ಣೆ ಈ ಲೆಕ್ಕವನ್ನು ದಾರಿ ತಪ್ಪಿಸುತ್ತದೆ. ಅದರ ಮೌಲ್ಯ 180ರ ಸುತ್ತ. ಹಾಗೇ ಲೆಕ್ಕ ಹಾಕಿದರೆ 19 ಇಂಗಾಲ ಎನ್ನುತ್ತದೆ. ನಿಜವಾಗಿ ಅದರಲ್ಲಿ ತುಂಬಿರುವ ರಿಸಿನೋಲಿಕ್ ಆಮ್ಲಕ್ಕಿರುವುದು 18 ಇಂಗಾಲ, ಜೊತೆಗೊಂದು ಹೆಚ್ಚಿನ ಆಮ್ಲಜನಕ. ಆ ತೂಕವನ್ನು ನಮ್ಮ ಭಾಗಾಕಾರ ಇಂಗಾಲವೆಂದು ತಿಳಿದುಕೊಂಡಿತು. ತಲೆ ಎಣಿಕೆ ತಪ್ಪಿಲ್ಲ, ಎಣಿಕೆಯಿಂದ ಉದ್ದಕ್ಕೆ ಹೋಗುವ ದಾರಿಯಲ್ಲಿ ತಪ್ಪಿದೆ.

ಸಾಬೂನು ಮಾಡುವವರಿಗೆ ಉದ್ದದ ಗೊಡವೆಯೇ ಇಲ್ಲ, ಎಣಿಕೆಯಷ್ಟೇ ಸಾಕು. ಪೊಟ್ಯಾಶಿನ ಅಂಕಿಯನ್ನು 0.713ರಿಂದ ಗುಣಿಸಿದರೆ ಕಾಸ್ಟಿಕ್ ಸೋಡಾದ ಲೆಕ್ಕ: ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 183 ಗ್ರಾಂ, ಕಡಲೆಕಾಯಿ ಎಣ್ಣೆಗೆ 135 ಗ್ರಾಂ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದವರ ಸಾಬೂನು ಚರ್ಮ ಸುಡುತ್ತದೆ, ಇಲ್ಲವೇ ಜಿಡ್ಡಾಗಿ ಉಳಿಯುತ್ತದೆ.

ಕಲಬೆರಕೆ ಹಿಡಿಯುವವರ ಪಾಡು ಬೇರೆ. ನಮ್ಮ ಆಹಾರ ಮಾನದಂಡದ ಪ್ರಕಾರ ಕೊಬ್ಬರಿ ಎಣ್ಣೆಯ ಮೌಲ್ಯ 250ಕ್ಕಿಂತ ಕಡಿಮೆ ಇರಕೂಡದು. ತಲೆಯೇ ಇಲ್ಲದ ಲಿಕ್ವಿಡ್ ಪ್ಯಾರಾಫಿನ್ ಬೆರೆಸಿದರೆ ಒಡನೆ ಸಿಕ್ಕಿಬೀಳುತ್ತಾರೆ, ಶೇಕಡಾ ಹತ್ತು ಬೆರೆಸಿದರೂ 256 ಹೋಗಿ 230 ಆಗುತ್ತದೆ. ಪಾಮೋಲಿನ್ ಅಷ್ಟು ಸುಲಭಕ್ಕೆ ಸಿಕ್ಕುವುದಿಲ್ಲ. ಅದರ ಮೌಲ್ಯ 200ರ ಹತ್ತಿರ. ಶೇಕಡಾ ಹತ್ತು ಬೆರೆಸಿದರೆ ಬರುವುದು 250.4, ಪರೀಕ್ಷೆ ಪಾಸು. ಮೇಲೆ ಹೇಳಿದ ಐದು ಅಂಕಿಯ ತಪ್ಪು ಅಪರಾಧಿಯನ್ನು ಬಿಡಲೂಬಹುದು, ನಿರಪರಾಧಿಯನ್ನು ಕಟಕಟೆಗೆ ತರಲೂಬಹುದು. ಇನ್ನೂ ಸೊಗಸೆಂದರೆ, ಕೊಬ್ಬರಿ ಎಣ್ಣೆಯನ್ನೂ ಪಾಮೋಲಿನ್ನನ್ನೂ ಸಮಸಮ ಬೆರೆಸಿದರೆ 228 ಬರುತ್ತದೆ. ಅಪ್ಪಟ ತುಪ್ಪದ ಮೌಲ್ಯವೂ ಹೆಚ್ಚುಕಡಿಮೆ ಅದೇ. ಬ್ಯುಟಿರಿಕ್ ಆಮ್ಲದ ಒಂದು ಹನಿಯೂ ಇಲ್ಲದ ಮಿಶ್ರಣ ತುಪ್ಪದ ಸರಾಸರಿಯನ್ನು ಹೊತ್ತು ನಿಲ್ಲುತ್ತದೆ. ಕೋಟ್‌ಸ್ಟಾರ್ಫರನ ಎದುರಾಳಿ ದನದ ಕೊಬ್ಬಾಗಿದ್ದರಿಂದ ಅವನು ಬಚಾವಾದ.

ಪಾಮೋಲಿನ್ ಬೆರೆತ ಕೊಬ್ಬರಿ ಎಣ್ಣೆಗೆ ಅಯೋಡಿನ್ ಮೌಲ್ಯದ ಪರೀಕ್ಷೆ ಇದೆ. ಅದು ಜೋಡಿಬಂಧಗಳನ್ನು ಎಣಿಸುತ್ತದೆ. ಕೊಬ್ಬರಿ ಎಣ್ಣೆಗೆ 7.5ರಿಂದ 10 ಇರಬೇಕು, ಪಾಮೋಲಿನ್ನಿಗೆ 55ಕ್ಕೂ ಮೇಲೆ. ಶೇಕಡಾ ಹತ್ತರ ಆ ಮಿಶ್ರಣ 13ರ ಆಚೆ ಹೋಗಿ ಅಲ್ಲೇ ಸಿಕ್ಕಿಬೀಳುತ್ತದೆ. ತಾಳೆಯ ತಿರುಳಲ್ಲದೆ ಅದರ ಬೀಜದಿಂದ ತೆಗೆದ ಎಣ್ಣೆ ಬೆರೆಸಿದರೆ ಮಾತ್ರ ಎರಡೂ ಪರೀಕ್ಷೆಗಳು ತಡವರಿಸುತ್ತವೆ, ಏಕೆಂದರೆ ಅದರಲ್ಲೂ ಅರ್ಧದಷ್ಟು ಲಾರಿಕ್ ಆಮ್ಲವೇ. ಆಗ ಸರಾಸರಿಯನ್ನು ಬದಿಗಿಟ್ಟು ಗ್ಯಾಸ್ ಕ್ರೊಮೆಟೋಗ್ರಫಿಯಲ್ಲಿ ಸರಪಳಿಗಳನ್ನು ಒಂದೊಂದಾಗಿ ಬೇರ್ಪಡಿಸಿ, ಎಂಟು ಮತ್ತು ಹತ್ತು ಇಂಗಾಲದವು ಕೊಬ್ಬರಿ ಎಣ್ಣೆಯಲ್ಲಿ ಇರಬೇಕಾದಷ್ಟು ಇವೆಯೇ ಎಂದು ನೋಡುತ್ತಾರೆ. ತಾಳೆಬೀಜದ ಎಣ್ಣೆಯಲ್ಲಿ ಅವು ಸಾಮಾನ್ಯವಾಗಿ ಅದರ ಅರ್ಧದಷ್ಟೇ ಇರುತ್ತವೆ.