4 ಸೆಂಟಿಮೀಟರ್ ಅಂಚಿನ ಲೆಕ್ಕ

ಸುಪ್ರೀಂ ಕೋರ್ಟಿಗೆ ಸಲ್ಲಿಸುವ ಅರ್ಜಿ, ಅಫಿಡವಿಟ್ಟುಗಳು ಹೇಗಿರಬೇಕು ಎಂಬುದನ್ನು 2020ರ ಮಾರ್ಚ್ 5ರ ಸುತ್ತೋಲೆ ನಿಗದಿಪಡಿಸಿತು. ಕಾಗದ ಎ4 ಅಳತೆಯದು, ಮುದ್ರಣ ಎರಡೂ ಬದಿ. ಫಾಂಟ್ ಟೈಮ್ಸ್ ನ್ಯೂ ರೋಮನ್, ಗಾತ್ರ 14 ಪಾಯಿಂಟ್, ಸಾಲುಗಳ ಅಂತರ ಒಂದೂವರೆ. ಎಡಕ್ಕೂ ಬಲಕ್ಕೂ 4 ಸೆಂಟಿಮೀಟರ್ ಅಂಚು, ಮೇಲೂ ಕೆಳಗೂ 2. ಉದ್ಧರಣೆಗಳು ಮತ್ತು ಒಳಕ್ಕೆ ಸರಿಸಿದ ಭಾಗಗಳು ಮಾತ್ರ 12 ಪಾಯಿಂಟಿನಲ್ಲಿ, ಒಂಟಿ ಅಂತರದಲ್ಲಿ.

ಕಾಗದ ಉಳಿಸಲೆಂದೇ ಹೊರಟ ಸುತ್ತೋಲೆ ಇದು. ಹಾಗಿದ್ದೂ ಎರಡೂ ಕಡೆ ಇಷ್ಟು ಅಗಲದ ಜಾಗ ಖಾಲಿ ಬಿಡಿಸಿದ್ದೇಕೆ ಎಂದು ಕೇಳಬಹುದು. ಒಂದು ಕಾರಣ ಹೊಲಿಗೆಯದು. ಹಾಳೆಯ ಎರಡೂ ಬದಿ ಮುದ್ರಿಸಿದಾಗ ಕಡತಕ್ಕೆ ದಾರ ಪೋಣಿಸುವ ಅಂಚು ಮುಂಬದಿಯಲ್ಲಿ ಎಡಕ್ಕಿದ್ದರೆ, ಹಿಂಬದಿಯಲ್ಲಿ ಬಲಕ್ಕೆ ಬರುತ್ತದೆ. ಎರಡೂ ಅಂಚು ಸಮವಾಗಿದ್ದರೆ ಯಾವ ಪುಟದಲ್ಲೂ ಅಕ್ಷರ ಹೊಲಿಗೆಯೊಳಗೆ ಸಿಕ್ಕಿಕೊಳ್ಳುವುದಿಲ್ಲ. ಇನ್ನೊಂದು ಕಡೆಯ ಅಂಚು ನ್ಯಾಯಮೂರ್ತಿಗಳ ಪೆನ್ಸಿಲ್ ಗುರುತಿಗೆ ಒದಗುತ್ತದೆ.

ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಫಾಂಟಿನ ಹುಟ್ಟು. ಟೈಮ್ಸ್ ನ್ಯೂ ರೋಮನ್ 1932ರಲ್ಲಿ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಯಲ್ಲಿ ಬಳಕೆಗೆ ಬಂದ ಅಕ್ಷರ. ಪತ್ರಿಕೆಯ ಕಿರಿದಾದ ಕಾಲಮ್ಮಿನಲ್ಲಿ ಹೆಚ್ಚು ಪದ ಹಿಡಿಸಬೇಕಿತ್ತು, ಹಾಗಾಗಿ ಅಕ್ಷರಗಳು ಒತ್ತಾಗಿವೆ. ಅದನ್ನೇ 12 ಪಾಯಿಂಟಿಗೆ ಇಳಿಸಿ ಎ4 ಹಾಳೆಯ ಉದ್ದಗಲಕ್ಕೂ ಹರಡಿದರೆ ಒಂದು ಸಾಲಿನಲ್ಲಿ ತೊಂಬತ್ತರ ಆಸುಪಾಸು ಅಕ್ಷರಗಳು ಕೂರುತ್ತವೆ. ಸಾಲಿನ ಕೊನೆ ಮುಟ್ಟಿದ ಕಣ್ಣು ಮುಂದಿನ ಸಾಲಿನ ತಲೆ ಹುಡುಕುವಾಗ ತಪ್ಪುತ್ತದೆ. ಓದಿದ ಸಾಲನ್ನೇ ಮತ್ತೆ ಓದುವಂತಾಗುತ್ತದೆ. ಸುತ್ತೋಲೆಯ ಲೆಕ್ಕ ಹಾಕಿ ನೋಡಿ. 21 ಸೆಂಟಿಮೀಟರ್ ಅಗಲದಲ್ಲಿ ಅಂಚುಗಳು ಕಳೆದರೆ ಉಳಿಯುವುದು 13. ಅದರಲ್ಲಿ 14 ಪಾಯಿಂಟಿನ ಇಂಗ್ಲಿಷ್ ಅಕ್ಷರಗಳು ಸುಮಾರು ಅರವತ್ತು ಹಿಡಿಯುತ್ತವೆ, ಪುಸ್ತಕದ ಒಳ್ಳೆಯ ಸಾಲಿನಲ್ಲಿರುವಷ್ಟೇ. ಉದ್ಧರಣೆಯನ್ನು ಎರಡೂ ಕಡೆ ಒಂದೊಂದು ಸೆಂಟಿಮೀಟರ್ ಒಳಕ್ಕೆ ತಂದು 12 ಪಾಯಿಂಟಿಗೆ ಇಳಿಸಿದರೂ ಸಾಲಿಗೆ ಹೆಚ್ಚುಕಡಿಮೆ ಅಷ್ಟೇ ಅಕ್ಷರ.

ಫಾಂಟಿನ ಹೆಸರು ಹೇಳದೆ ಗಾತ್ರವನ್ನಷ್ಟೇ ಗೊತ್ತುಪಡಿಸಿದರೆ ಸಾಲದು ಎಂಬುದಕ್ಕೆ ಅಮೆರಿಕದಲ್ಲಿ ಉದಾಹರಣೆಯಿದೆ. ಪಾಯಿಂಟ್ ಅಳೆಯುವುದು ಅಕ್ಷರ ಕೂರುವ ಚೌಕವನ್ನು, ಕಣ್ಣಿಗೆ ಕಾಣುವ ಅಕ್ಷರವನ್ನಲ್ಲ. 14 ಪಾಯಿಂಟಿನ ಗ್ಯಾರಮಂಡ್ ಅದೇ ಗಾತ್ರದ ಟೈಮ್ಸ್‌ಗಿಂತ ಚಿಕ್ಕದಾಗಿ ಕಾಣುತ್ತದೆ. ನಿಯಮ ಮೀರದೆಯೇ ಓದುವವರ ಕಣ್ಣಿಗೆ ಶ್ರಮವಾಗುತ್ತದೆ. 2021ರಲ್ಲಿ ವಾಷಿಂಗ್ಟನ್ನಿನ ಡಿ.ಸಿ. ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಗ್ಯಾರಮಂಡ್ ಬೇಡವೆಂದು ವಕೀಲರಿಗೆ ಸೂಚಿಸಿತು. ಅಲ್ಲಿನ ಸುಪ್ರೀಂ ಕೋರ್ಟ್ ಕಿರುಪುಸ್ತಕದ ರೂಪದ ಮನವಿಗಳಿಗೆ ಸೆಂಚುರಿ ಕುಟುಂಬದ ಫಾಂಟನ್ನೇ ಕೇಳುತ್ತದೆ.

ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸರಿಯಾಗಿ ಹೊಂದಿಸಿದ ಮೇಲೂ ಪ್ರಿಂಟರಿನ ಬಳಿ ಕೆಡುವುದುಂಟು. ಮುದ್ರಿಸುವ ಕಿಟಕಿಯಲ್ಲಿ `Fit` ಆಯ್ಕೆ ಉಳಿದುಬಿಟ್ಟಿದ್ದರೆ ಇಡೀ ಪುಟ ಸದ್ದಿಲ್ಲದೆ ಕುಗ್ಗುತ್ತದೆ. 14 ಪಾಯಿಂಟ್ ಕುಗ್ಗಿ 13.5 ಆದದ್ದನ್ನು ಬರಿಗಣ್ಣು ಗುರುತಿಸಲಾರದು, ಸ್ಕೇಲ್ ಗುರುತಿಸುತ್ತದೆ. ತುಂಬಿದ ಸಾಲು 13 ಸೆಂಟಿಮೀಟರ್ ಇರಬೇಕು. ಒಂದು ಸಾಲಿನ ಬುಡದಿಂದ ಅದರ ಕೆಳಗಿನ ಹತ್ತನೆಯ ಸಾಲಿನ ಬುಡಕ್ಕೆ ಸುಮಾರು 8.5 ಸೆಂಟಿಮೀಟರ್ ಬರಬೇಕು. ಅಷ್ಟಿಲ್ಲದಿದ್ದರೆ `Actual size` ಆರಿಸಿ ಮತ್ತೆ ಮುದ್ರಿಸುವುದೇ ಸರಿ.

ನಮ್ಮ ತಾಲ್ಲೂಕು, ಜಿಲ್ಲಾ ನ್ಯಾಯಾಲಯಗಳಿಗೆ ಹೋಗುವ ಕನ್ನಡ ದಾವಾಪತ್ರಗಳಿಗೆ ಈ ಇಂಗ್ಲಿಷ್ ಅಳತೆಯನ್ನು ಹಾಗೇ ಹೊದಿಸಲಾಗದು. ಇಂಗ್ಲಿಷಿನಲ್ಲಿ ಅಕ್ಷರ ಸಾಲಿನ ಮೇಲೆ ಕೂರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೂ ಇಳಿಯುತ್ತದೆ. ಪುಟ ಉಳಿಸಲು ವರ್ಡ್‌ನಲ್ಲಿ ಸಾಲಿನ ಅಂತರವನ್ನು `Exactly` ಎಂದು ಬಿಗಿದರೆ ಮೇಲಿನ ಗುಡಿಸೋ ಕೆಳಗಿನ ಒತ್ತೋ ಕತ್ತರಿಸಿಹೋಗುತ್ತದೆ. ಅರ್ಜಿದಾರನ ಹೆಸರಿನಲ್ಲೋ ಊರಿನ ಹೆಸರಿನಲ್ಲೋ ಒತ್ತು ಹಾರಿದರೆ ಅದು ಬೇರೆಯೇ ಹೆಸರು. `Multiple` ಅಥವಾ `1.5 lines` ಇಟ್ಟರೆ ಫಾಂಟಿಗೆ ಬೇಕಾದ ಎತ್ತರವನ್ನು ವರ್ಡ್ ತಾನೇ ಕೊಡುತ್ತದೆ.

ಹಳೆಯ, ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತಕ್ಕೆ ಇನ್ನೂ ಒಂದು ಎಚ್ಚರಿಕೆ ಬೇಕು. ಎಲ್ಲವನ್ನೂ ಆರಿಸಿ ಟೈಮ್ಸ್ ನ್ಯೂ ರೋಮನ್ ಒತ್ತಿದರೆ ಕನ್ನಡವೆಲ್ಲ ಅರ್ಥವಿಲ್ಲದ ರೋಮನ್ ಗುರುತುಗಳಾಗುತ್ತದೆ. ಆ ಫಾಂಟಿಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದರೂ ಅದೇ ಗತಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿಸಿ, ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ತೆಗೆದು, ಸಹಿಗೆ ಮುಂಚೆ ಒಂದು ಪುಟ ಮುದ್ರಿಸಿ ನೋಡಬೇಕು: 'ರಾಷ್ಟ್ರೀಯ', 'ಸ್ತ್ರೀ', 'ಶಾಸ್ತ್ರಿ' ಇಂಥ ಪದಗಳ ಕೆಳಗಿನ ಎರಡು ಒತ್ತೂ ಪೂರ್ತಿ ಮೂಡಿವೆಯೇ ಎಂದು.