ಕೋವಿ ಹೆಣ್ಣಿನ ಕೈಗೆ ಬಂದರೆ ಸಾಕಾ?

ಕಳೆದ ಸೆಮಿಸ್ಟರ್‌ನಲ್ಲಿ ಹಾಸ್ಟೆಲ್ ಕಾಮನ್ ರೂಮಲ್ಲಿ ನಾವೊಂದು ವೆಸ್ಟರ್ನ್ ಸಿನಿಮಾ ಹಾಕಿದ್ವಿ. ಐದು ನಿಮಿಷಕ್ಕೇ ಹಿಂದಿನ ಸಾಲಿಂದ ಕೂಗು ಬಂತು: "ಪ್ರೊಜೆಕ್ಟರ್ ಸರಿ ಮಾಡ್ರೋ, ಎರಡೂ ಕಡೆ ಕಪ್ಪು ಪಟ್ಟಿ ಬರ್ತಿದೆ!" ಪ್ರೊಜೆಕ್ಟರ್ ಸರಿಯಾಗೇ ಇತ್ತು. ಸಿನಿಮಾ ತೆಗೆದಿದ್ದೇ ಹಾಗೆ. ಆ ಪಟ್ಟಿ ಯಾಕಿದೆ ಅಂತ ಗೊತ್ತಾದರೆ, ಹಳೆಯ ಜಾನರ್ ಒಂದನ್ನು ನಿರ್ದೇಶಕಿ ಹೇಗೆ ಬದಲಿಸುತ್ತಾಳೆ ಅನ್ನೋದೂ ಗೊತ್ತಾಗುತ್ತೆ.

ಸಿನಿಮಾ ಕೆಲ್ಲಿ ರೈಕಾರ್ಟ್ ಅವರ 'ಮೀಕ್ಸ್ ಕಟಾಫ್' (2010). ಕಥೆ 1845ರದ್ದು. ಎತ್ತಿನ ಗಾಡಿ ಕಟ್ಟಿಕೊಂಡು ಮೂರು ಕುಟುಂಬಗಳು ಅಮೆರಿಕದ ಆರೆಗಾನ್ ಕಡೆ ಹೊರಟಿವೆ. ದಾರಿ ತೋರಿಸಬೇಕಾದ ಮೀಕ್‌ಗೇ ದಾರಿ ತಪ್ಪಿದೆ, ನೀರು ಮುಗೀತಾ ಇದೆ. ಮಾಮೂಲಿ ವೆಸ್ಟರ್ನ್ ಆಗಿದ್ದರೆ ಅಗಲವಾದ ತೆರೆ, ದೂರದ ಬೆಟ್ಟ, ಕುದುರೆ ಮೇಲೊಬ್ಬ ಗಂಡಸು ಇರ್ತಿದ್ದ. ರೈಕಾರ್ಟ್ ಆ ಅಗಲವನ್ನೇ ತೆಗೆದುಬಿಟ್ಟರು. ಚೌಕಟ್ಟು ಸುಮಾರು 4:3. ನಮ್ಮ 16:9 ತೆರೆಯ ಮೇಲೆ ಅದು ಮುಕ್ಕಾಲು ಅಗಲವನ್ನಷ್ಟೇ ತುಂಬುತ್ತೆ; ಉಳಿದದ್ದೇ ಆ ಕಪ್ಪು ಪಟ್ಟಿ.

ಸಿನಿಮಾದ ಹೆಂಗಸರು ಮುಖದ ಎರಡೂ ಕಡೆ ಮರೆಯಾಗುವಂಥ ಟೊಪ್ಪಿಗೆ ಹಾಕಿರ್ತಾರೆ. ಅವರಿಗೆ ಕಾಣೋದು ಎದುರಿನದಷ್ಟೇ. ನಮಗೂ ಅಷ್ಟೇ. ಗುಡ್ಡದಾಚೆ ನೀರಿದೆಯೋ ಸಾವಿದೆಯೋ ಮೊದಲೇ ತಿಳಿಯಲ್ಲ. ಕಿವಿಗೂ ಇದೇ ಗತಿ. ಗಂಡಸರು ದೂರ ನಿಂತು ಮುಂದೇನು ಅಂತ ತೀರ್ಮಾನ ಮಾಡ್ತಾರೆ. ಕ್ಯಾಮೆರಾ ಹೆಂಗಸರ ಹತ್ತಿರವೇ ಉಳಿಯುತ್ತೆ, ಮಾತು ತುಂಡು ತುಂಡಾಗಿ ಕೇಳುತ್ತೆ. "ವಾಲ್ಯೂಮ್ ಜಾಸ್ತಿ ಮಾಡ್ರೋ" ಅಂತಲೂ ಯಾರೋ ಅಂದಿದ್ರು!

ಇನ್ನು ಕೋವಿಯ ವಿಷಯ. ಎಮಿಲಿ ಒಬ್ಬ ಮೂಲನಿವಾಸಿಯನ್ನು ಕಂಡು, ಗಂಡಸರನ್ನು ಎಚ್ಚರಿಸೋಕೆ ಗಾಳಿಯಲ್ಲಿ ಗುಂಡು ಹಾರಿಸುತ್ತಾಳೆ. ಎರಡನೇ ಗುಂಡಿಗೆ ಮತ್ತೆ ಮದ್ದು ಸುರಿದು, ಗುಂಡು ಹಾಕಿ, ಸರಳಿನಿಂದ ಒತ್ತಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತೋ ಅಷ್ಟನ್ನೂ ಸಿನಿಮಾ ತೋರಿಸುತ್ತೆ. ವೆಸ್ಟರ್ನ್‌ನಲ್ಲಿ ಕೋವಿ ಅಂದರೆ ವೇಗ; ಇಲ್ಲಿ ಅದೂ ಬಟ್ಟೆ ಒಗೆಯೋದು, ಅಡುಗೆ ಮಾಡೋದರ ಥರ ಒಂದು ಕೆಲಸ. ಮುಂದೆ ಅವಳು ಮೀಕ್‌ಗೇ ಕೋವಿ ಗುರಿಯಿಟ್ಟಾಗ ನಮ್ಮ ರೂಮು ಸ್ತಬ್ಧವಾಯ್ತು. ಅದರಲ್ಲಿರೋದು ಒಂದೇ ಗುಂಡು, ತಪ್ಪಿದರೆ ಮತ್ತೆ ತುಂಬೋಕೆ ಸಮಯ ಇಲ್ಲ ಅಂತ ನಮಗಾಗಲೇ ಗೊತ್ತಿತ್ತಲ್ಲ.

ನಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ನಾಯಕನ ಜಾಗದಲ್ಲಿ ನಾಯಕಿಯನ್ನು ನಿಲ್ಲಿಸಿ, ಉಳಿದದ್ದೆಲ್ಲ ಹಾಗೇ ಇಟ್ಟರೆ ಜಾನರ್ ಬದಲಾಗಲ್ಲ. ಪೋಸ್ಟರ್ ಮಾತ್ರ ಬದಲಾಗುತ್ತೆ. ಅಂಥದ್ದನ್ನು ಗುರುತಿಸೋಕೆ ನಾವು ಒಂದು ಪರೀಕ್ಷೆ ಮಾಡ್ತೀವಿ. ಕಥೆಯಲ್ಲಿ ನಾಯಕಿಯ ಬದಲು ಗಂಡಸನ್ನು ಊಹಿಸಿಕೊಳ್ಳಿ. ಒಂದು ದೃಶ್ಯವೂ ಬದಲಾಗಬೇಕಿಲ್ಲ ಅನ್ನಿಸಿದರೆ ಅದು ಬರೀ ಅದಲುಬದಲು. 'ಮೀಕ್ಸ್ ಕಟಾಫ್'ನಲ್ಲಿ ಹಾಗೆ ಮಾಡಿದರೆ ಚೌಕಟ್ಟು, ಶಬ್ದ, ಸಮಯ ಮೂರೂ ಕುಸಿದುಬೀಳುತ್ತವೆ.

ಇದಕ್ಕೊಂದು ಬೆಲೆಯೂ ಇದೆ. ಸಿನಿಮಾ ಸ್ಪಷ್ಟ ಉತ್ತರ ಕೊಡದೇ ಮುಗಿಯುತ್ತೆ. ಅವತ್ತು ನಮ್ಮಲ್ಲಿ ಅರ್ಧ ಜನ "ಮೋಸ" ಅಂತ ಬೈಕೊಂಡು ಎದ್ದುಹೋದ್ರು. ಆ ಸಿಟ್ಟು ತಪ್ಪಲ್ಲ. ಜಾನರ್ ಅಂದರೆ ನೋಡುವವರಿಗೆ ಕೊಟ್ಟ ಮಾತು ಕೂಡ. ಆದರೆ ಉಳಿದವರು ರಾತ್ರಿ ಒಂದರವರೆಗೂ ಅದೇ ಮಾತಾಡ್ತಾ ಕೂತಿದ್ವಿ.

ನಿಮಗೂ ಕೂರಬೇಕು ಅನ್ನಿಸಿದರೆ, ಇನ್ನು ನಾಲ್ಕು ಇಲ್ಲಿವೆ.

ಗಂಟುಮೂಟೆ (ಕನ್ನಡ, 2019), ರೂಪಾ ರಾವ್: ತೊಂಬತ್ತರ ದಶಕದ ಹೈಸ್ಕೂಲ್ ಪ್ರೇಮಕಥೆ. ಇಂಥ ಕಥೆಗಳಲ್ಲಿ ಹುಡುಗ ನೋಡ್ತಾನೆ, ಹುಡುಗಿ ನೋಡಿಸಿಕೊಳ್ತಾಳೆ. ಇಲ್ಲಿ ನೋಡೋದೂ ಕಥೆ ಹೇಳೋದೂ ಮೀರಾ. ಶುರು ಮಾಡೋರು ಇದರಿಂದಲೇ ಮಾಡಿ.

ಮಾರ್ಲಿನಾ ದ ಮರ್ಡರರ್ ಇನ್ ಫೋರ್ ಆಕ್ಟ್ಸ್ (ಇಂಡೋನೇಷಿಯನ್, 2017), ಮೌಲಿ ಸೂರ್ಯ: ಸುಂಬಾ ದ್ವೀಪದ ವೆಸ್ಟರ್ನ್. ಅಗಲ ತೆರೆ ಇದೆ, ಕುದುರೆಯೂ ಇದೆ. ವಿಧವೆಯೊಬ್ಬಳು ತನ್ನ ಮೇಲೆರಗಿದವನ ತಲೆ ಕತ್ತರಿಸಿ, ಅದನ್ನೇ ಹಿಡಿದು ದೂರು ಕೊಡೋಕೆ ಹೊರಡುತ್ತಾಳೆ. ಠಾಣೆಯಲ್ಲಿ ಪೊಲೀಸರು ಟೇಬಲ್ ಟೆನಿಸ್ ಆಡ್ತಿರ್ತಾರೆ! ಅತ್ಯಾಚಾರದ ದೃಶ್ಯವಿದೆ, ತಿಳಿದು ನೋಡಿ.

ಎ ಗರ್ಲ್ ವಾಕ್ಸ್ ಹೋಮ್ ಅಲೋನ್ ಅಟ್ ನೈಟ್ (ಪರ್ಷಿಯನ್, 2014), ಅನಾ ಲಿಲಿ ಅಮೀರ್‌ಪೂರ್: ಕಪ್ಪುಬಿಳುಪಿನ ರಕ್ತಪಿಶಾಚಿ ಕಥೆ. ರಾತ್ರಿ ಒಂಟಿ ಹುಡುಗಿಯನ್ನು ಕಂಡರೆ ಭಯಪಡಬೇಕಾದವರು ಬೇರೆಯವರು.

ರಾ (ಫ್ರೆಂಚ್, 2016), ಜೂಲಿಯಾ ಡುಕೂರ್ನೋ: ಪಶುವೈದ್ಯ ಕಾಲೇಜಿನ ರ್‍ಯಾಗಿಂಗ್‌ನಲ್ಲಿ ಸಸ್ಯಾಹಾರಿ ಹುಡುಗಿಗೆ ಹಸಿ ಮಾಂಸ ತಿನ್ನಿಸುತ್ತಾರೆ. ಭಯ ಹೊರಗಿನ ದೆವ್ವದಿಂದ ಬರಲ್ಲ, ಅವಳ ಹಸಿವಿನಿಂದಲೇ ಬರುತ್ತೆ. ಮೆಸ್ಸಿಗೆ ಹೋಗಿಬಂದ ಕೂಡಲೇ ನೋಡಬೇಡಿ.

ಯಾವುದನ್ನೇ ಹಾಕಿದರೂ, ಕಪ್ಪು ಪಟ್ಟಿ ಬಂದರೆ ಪ್ರೊಜೆಕ್ಟರ್ ಮುಟ್ಟಬೇಡಿ.