ತೊಂಬತ್ತರ ತೊಡೆಗೂ ಬಲ ಬಂದದ್ದು

ಮನೆಯಲ್ಲಿ ಅರವತ್ತು ದಾಟಿದವರಿದ್ದರೆ ಒಂದು ಪರೀಕ್ಷೆ ಮಾಡಿ ನೋಡಿ. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲು ಹೇಳಿ. 12 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಸಾರ್ಕೋಪೀನಿಯಾ ಇದೆಯೇ ಎಂದು ಶಂಕಿಸಬೇಕು ಎನ್ನುತ್ತದೆ ಏಷ್ಯಾದ ತಜ್ಞರ 2019ರ ಮಾರ್ಗಸೂಚಿ. ಸಾರ್ಕೋಪೀನಿಯಾ ಎಂದರೆ ವಯಸ್ಸಿನೊಂದಿಗೆ ಸ್ನಾಯು ಕರಗಿ ಬಲ ಕುಂದುವುದು. ತೂಕದ ಯಂತ್ರ ಇದನ್ನು ಹಿಡಿದುಕೊಡುವುದಿಲ್ಲ. ಸ್ನಾಯು ಹೋದ ಜಾಗದಲ್ಲಿ ಕೊಬ್ಬು ತುಂಬಿ ತೂಕ ಹಾಗೇ ಉಳಿಯಬಹುದು.

ಒಳಗೆ ಆಗುವುದೇನು? ಬೆನ್ನುಹುರಿಯಲ್ಲಿ ಸ್ನಾಯುಗಳಿಗೆ ಆಜ್ಞೆ ಕಳಿಸುವ ನರಕೋಶಗಳಿವೆ. ವಯಸ್ಸಾದಂತೆ ಅವುಗಳಲ್ಲಿ ಕೆಲವು ಸಾಯುತ್ತವೆ. ಅವುಗಳ ಕೈಕೆಳಗಿದ್ದ ಸ್ನಾಯು ಎಳೆಗಳು ಅನಾಥವಾಗುತ್ತವೆ. ಪಕ್ಕದ ನರಗಳು ಕೆಲವನ್ನು ಸಾಕಿಕೊಳ್ಳುತ್ತವೆ, ಉಳಿದವು ಸೊರಗುತ್ತವೆ. ಹೆಚ್ಚು ಪೆಟ್ಟು ತಿನ್ನುವುದು ವೇಗದ ಎಳೆಗಳು. ಬಚ್ಚಲಲ್ಲಿ ಕಾಲು ಜಾರಿದಾಗ ತಟ್ಟನೆ ಸಾವರಿಸಿಕೊಳ್ಳಲು ಬೇಕಾದವು ಇವೇ.

ಬೆಳಗಿನ ವಾಕಿಂಗ್ ಒಂದೇ ಸಾಕಾಗದಿರುವುದು ಇದಕ್ಕೇ. ಸಮತಟ್ಟಾದ ನೆಲದ ನಡಿಗೆಗೆ ನಿಧಾನದ ಎಳೆಗಳೇ ಸಾಕು. ಭಾರ ಹೆಚ್ಚಾದಾಗ, ಇಲ್ಲವೇ ಚುರುಕಾಗಿ ಬಲ ಹಾಕಬೇಕಾದಾಗ ಮಾತ್ರ ದೇಹ ವೇಗದ ಎಳೆಗಳನ್ನು ಕರೆಯುತ್ತದೆ. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ತೊಡೆಗೆ ಭಾರವೇ ಬೇಕು.

ಮುಪ್ಪಿನಲ್ಲಿ ಭಾರ ಎತ್ತಬಹುದೇ ಎಂಬ ಅನುಮಾನಕ್ಕೆ ಅಮೆರಿಕದ ಬೋಸ್ಟನ್‌ನಲ್ಲಿ ಉತ್ತರ ಸಿಕ್ಕಿತು. ವೈದ್ಯೆ ಮರಿಯಾ ಫಿಯಾಟರೋನ್ ಮತ್ತು ಸಂಗಡಿಗರು ವೃದ್ಧರ ಆರೈಕೆ ಕೇಂದ್ರವೊಂದರ 10 ಮಂದಿಗೆ ತರಬೇತಿ ಕೊಟ್ಟು, 1990ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರೆಲ್ಲ 86ರಿಂದ 96ರ ವಯಸ್ಸಿನ ನಿತ್ರಾಣಿಗಳು. ಕೂತಲ್ಲೇ ಮೊಣಕಾಲು ನೀಡಿ ಭಾರ ಎತ್ತುವುದು ಅವರ ವ್ಯಾಯಾಮ. ಒಂದು ಸುತ್ತಿಗೆ ಎಂಟು ಸಲದಂತೆ ಮೂರು ಸುತ್ತು, ವಾರಕ್ಕೆ ಮೂರು ದಿನ. ಮೊದಲ ವಾರ, ಒಬ್ಬೊಬ್ಬರೂ ಒಮ್ಮೆಗೆ ಎತ್ತಬಲ್ಲ ಗರಿಷ್ಠ ಭಾರದ ಅರ್ಧ. ಆಮೇಲೆ ಅದರ ಶೇ. 80. ಬಲ ಏರಿದಂತೆ ಭಾರವನ್ನೂ ಏರಿಸುತ್ತ ಹೋದರು.

ಒಂಬತ್ತು ಮಂದಿ ಎಂಟು ವಾರ ಪೂರೈಸಿದರು. ಸರಾಸರಿ 8 ಕಿಲೋ ಎತ್ತುತ್ತಿದ್ದ ಕಾಲು ಸುಮಾರು 20 ಕಿಲೋ ಎತ್ತಿತು. ಇಬ್ಬರು ಊರುಗೋಲು ಬಿಟ್ಟು ನಡೆದರು. ತೊಡೆಯ ಸ್ನಾಯು ಬೆಳೆದದ್ದು ಮಾತ್ರ ಶೇ. 9ರಷ್ಟೇ. ಗಾತ್ರಕ್ಕಿಂತ ಬಲ ಅಷ್ಟೊಂದು ಹೆಚ್ಚಲು ಮುಖ್ಯ ಕಾರಣ, ಸುಮ್ಮನೆ ಕೂತಿದ್ದ ಎಳೆಗಳನ್ನು ಕೆಲಸಕ್ಕೆ ಕರೆಯಲು ನರಗಳು ಮತ್ತೆ ಕಲಿತದ್ದು. ನನ್ನ ದೃಷ್ಟಿಯಲ್ಲಿ ಇಡೀ ಪ್ರಯೋಗದ ದೊಡ್ಡ ಭರವಸೆ ಇದು, ಯಾಕೆಂದರೆ ಸತ್ತ ನರಕೋಶಗಳು ಮರಳಿ ಬರುವುದಿಲ್ಲ, ಉಳಿದವನ್ನೇ ದುಡಿಸಬೇಕು. ಇದೇ ತಂಡ ಮುಂದೆ 100 ಮಂದಿಯ ಮೇಲೆ ನಡೆಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವ್ಯಾಯಾಮವಿಲ್ಲದೆ ಪೌಷ್ಟಿಕ ಪಾನೀಯ ಮಾತ್ರ ಕುಡಿದವರಿಗೆ ಬಲ ಬರಲಿಲ್ಲ. ದುಬಾರಿ ಡಬ್ಬಿ ಕೊಳ್ಳುವ ಮುನ್ನ ಇದನ್ನು ನೆನೆಯಬೇಕು.

ಮನೆಯಲ್ಲಿ ಆರಂಭಿಸುವುದು ಕಷ್ಟವಲ್ಲ. ಐದು ಸಲ ಏಳಲು 16 ಸೆಕೆಂಡು ಹಿಡಿಯುವ, ಕುರ್ಚಿಯ ಕೈ ಊರದೆ ಏಳಲಾಗದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಮಡಿಸಿದ ಜಮಖಾನವನ್ನು ಕುರ್ಚಿಯ ಮೇಲೆ ಹಾಸಿ ಎತ್ತರ ಮಾಡಿದರೆ ಏಳುವುದು ಹಗುರ. ಏಳುವಾಗ ಉಸಿರು ಬಿಡಲಿ, ಕೂರುವಾಗ ಮೂರು ಎಣಿಸುತ್ತ ನಿಧಾನವಾಗಿ ಇಳಿಯಲಿ. ದೊಪ್ಪನೆ ಕೂತರೆ ಅರ್ಧ ವ್ಯಾಯಾಮ ವ್ಯರ್ಥ. ಎಂಟು ಸಲ, ಸ್ವಲ್ಪ ವಿಶ್ರಾಂತಿ, ಮತ್ತೆ ಎಂಟು. ದಿನ ಬಿಟ್ಟು ದಿನ ಮಾಡಿದರೆ ಸಾಕು. ಕೊನೆಯ ಎರಡು ಸಲ ತ್ರಾಸವೆನಿಸಬೇಕು. ಎನಿಸದಿದ್ದರೆ ಜಮಖಾನ ತೆಗೆಯಿರಿ. ಅದೂ ಸಲೀಸಾದರೆ ಒಂದು ಕಿಲೋ ಅಕ್ಕಿಯ ಚೀಲ ಎದೆಗವಚಿಕೊಂಡು ಏಳಲಿ, ಆಮೇಲೆ ಎರಡು ಕಿಲೋ. ಹೆಚ್ಚಿನವರು ಎಡವುವುದು ಇಲ್ಲೇ. ತಿಂಗಳುಗಟ್ಟಲೆ ಅದೇ ಭಾರ, ಅದೇ ಎಣಿಕೆ. ಸಲೀಸಾದ ಮೇಲೆ ಸ್ನಾಯುವಿಗೆ ಬೆಳೆಯಲು ಕಾರಣವೇ ಉಳಿಯುವುದಿಲ್ಲ.

ಮರುದಿನ ತೊಡೆ ಹಿಡಿದುಕೊಂಡಂತಾದರೆ ಹೆದರಬೇಕಿಲ್ಲ. ಕೀಲಿನೊಳಗೆ ಚುಚ್ಚುವ ನೋವು, ಎದೆನೋವು, ತಲೆಸುತ್ತು ಬಂದರೆ ಕೂಡಲೇ ನಿಲ್ಲಿಸಬೇಕು. ಉಸಿರು ಕಟ್ಟಿ ಏಳಬಾರದು, ರಕ್ತದೊತ್ತಡ ಏಕಾಏಕಿ ಏರುತ್ತದೆ. ಹೃದಯದ ತೊಂದರೆ, ಹತೋಟಿಗೆ ಬಾರದ ಬಿಪಿ, ಹರ್ನಿಯಾ ಇರುವವರು, ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರನ್ನು ಕೇಳಿಯೇ ತೊಡಗಬೇಕು.

ಇನ್ನೊಂದು ಮಾತು. ಬೋಸ್ಟನ್ನಿನ ಆ ವೃದ್ಧರು ತರಬೇತಿ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಅವರ ಬಲ ಸುಮಾರು ಮೂರನೇ ಒಂದು ಭಾಗ ಇಳಿದುಹೋಯಿತು. ಹಾಗಾಗಿ ಇದನ್ನು ಕೋರ್ಸ್ ಮುಗಿಸಿ ಬಿಡುವ ಔಷಧಿಯಂತೆ ಕಾಣಬೇಡಿ. ಬಿಪಿ ಮಾತ್ರೆಯಂತೆ ಕೊನೆಯವರೆಗೂ ಮುಂದುವರಿಸಿ.